ಸಂಬಳ ಒಂದೇ, ಗಂಟೆಗೆಷ್ಟು?

ಅಣ್ಣ ವೈಟ್‌ಫೀಲ್ಡಿನ ಒಂದು ಸಾಫ್ಟ್‌ವೇರ್ ಕಚೇರಿಯಲ್ಲಿದ್ದಾನೆ, ತಮ್ಮ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಎಂದಿಟ್ಟುಕೊಳ್ಳಿ. ಇಬ್ಬರಿಗೂ ವರ್ಷಕ್ಕೆ 6,24,000 ರೂಪಾಯಿ, ಅಂದರೆ ತಿಂಗಳಿಗೆ 52,000. ಅಣ್ಣನದು ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆಯ ಕೆಲಸ. ತಮ್ಮನಿಗೂ ದಿನಕ್ಕೆ ಎಂಟೇ ಗಂಟೆ, ಆದರೆ ಶನಿವಾರವೂ ಹೋಗಬೇಕು. ಮನೆಯಲ್ಲಿ ಇಬ್ಬರ ಸಂಬಳವೂ ಸಮ ಎಂದೇ ಲೆಕ್ಕ.

ವರ್ಷಕ್ಕೆ 52 ವಾರ ಎಂದು ಹಿಡಿದರೆ ಇಬ್ಬರಿಗೂ ವಾರಕ್ಕೆ 12,000 ರೂಪಾಯಿ ಬೀಳುತ್ತದೆ. ಇಲ್ಲಿಯವರೆಗೆ ವ್ಯತ್ಯಾಸವಿಲ್ಲ. ಮುಂದೆ ಅಣ್ಣ ಅದನ್ನು ಐದರಿಂದ ಭಾಗಿಸಬೇಕು, ತಮ್ಮ ಆರರಿಂದ. ಅಣ್ಣನಿಗೆ ದಿನಕ್ಕೆ 2,400, ತಮ್ಮನಿಗೆ 2,000. ಗಂಟೆಗೆ ಇಳಿಸಿದರೆ ಅಣ್ಣನದು 300, ತಮ್ಮನದು 250.

ಈ ಐವತ್ತು ರೂಪಾಯಿಯನ್ನು ಎಷ್ಟು ಪಾಲು ಎನ್ನಬೇಕು ಎಂಬಲ್ಲಿಯೇ ಬಹಳಷ್ಟು ಜನ ಎಡವುತ್ತಾರೆ. 48 ಗಂಟೆ ಎಂಬುದು 40 ಗಂಟೆಗಿಂತ ಶೇಕಡಾ 20 ಹೆಚ್ಚು. ಹಾಗಾದರೆ ತಮ್ಮನ ಗಂಟೆಯ ದರ ಶೇಕಡಾ 20 ಕಡಿಮೆ ಇರಬೇಕಲ್ಲವೇ? ಇಲ್ಲ. 300ರಲ್ಲಿ 50 ಎಂದರೆ ಶೇಕಡಾ 16.67 ಮಾತ್ರ, ಆರನೆಯ ಒಂದು ಭಾಗ. ಆದರೆ ತಮ್ಮ ಅಣ್ಣನ ದರಕ್ಕೆ ಏರಬೇಕಾದರೆ 250ರ ಮೇಲೆ 50 ಸೇರಬೇಕು, ಅದು ಐದನೆಯ ಒಂದು ಭಾಗ. ಅಂದರೆ ಆರು ದಿನದ ಕೆಲಸಕ್ಕೆ ಅಣ್ಣನ ದರವೇ ಸಿಗಬೇಕಾದರೆ ತಮ್ಮನ ವಾರ್ಷಿಕ ಸಂಬಳ 7,48,800 ಆಗಬೇಕು. ಇಳಿಯುವಾಗ ಆರನೆಯ ಒಂದು ಪಾಲು, ಏರುವಾಗ ಐದನೆಯ ಒಂದು ಪಾಲು. ಐದು ದಿನದ ಕೆಲಸ ಬಿಟ್ಟು ಆರು ದಿನದ ಕೆಲಸಕ್ಕೆ ಸೇರುವವರು ‘ಶೇಕಡಾ 15 ಹೈಕ್ ಕೊಟ್ಟಿದ್ದಾರೆ’ ಎಂದು ಹಿಗ್ಗಿದರೆ, ಗಂಟೆಯ ಲೆಕ್ಕದಲ್ಲಿ ಅವರ ಸಂಬಳ ಇಳಿದಿದೆ ಎಂದೇ ಅರ್ಥ.

ಇನ್ನೊಂದು ಜಾಗದಲ್ಲಿ ದಿನದ ದರವೇ ಕಣ್ಣಿಗೆ ಮಣ್ಣೆರಚುತ್ತದೆ. ಕೆಲವು ಕಡೆ 48 ಗಂಟೆಯನ್ನು ಐದೇ ದಿನದಲ್ಲಿ ಮುಗಿಸಿಕೊಳ್ಳುತ್ತಾರೆ, ದಿನಕ್ಕೆ ಒಂಬತ್ತೂವರೆ ಗಂಟೆಗಿಂತ ತುಸು ಹೆಚ್ಚು. ಆಗ ದಿನದ ಸಂಬಳ ಅಣ್ಣನಷ್ಟೇ, 2,400. ಗಂಟೆಯದು ಮಾತ್ರ 250ರಲ್ಲೇ ನಿಲ್ಲುತ್ತದೆ. ಆದ್ದರಿಂದ ಎರಡು ಕೆಲಸಗಳನ್ನು ತೂಗಿ ನೋಡುವಾಗ ದಿನದ ದರ ಸಾಲದು, ಗಂಟೆಯವರೆಗೂ ಇಳಿಯಬೇಕು.

48 ಎಂಬ ಅಂಕಿ ಆಕಾಶದಿಂದ ಬಿದ್ದದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲಿ ತನ್ನ ಮೊದಲ ಒಡಂಬಡಿಕೆಯಲ್ಲೇ ಕೈಗಾರಿಕೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ನಮ್ಮ 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ ಅದೇ 48 ಗಂಟೆಯನ್ನು ಇಟ್ಟುಕೊಂಡಿತು. 40 ಗಂಟೆಯ ವಾರದ ಒಡಂಬಡಿಕೆ ಬಂದದ್ದು 1935ರಲ್ಲಿ. ಅಣ್ಣತಮ್ಮಂದಿರ ನಡುವಿನ ಶನಿವಾರ ಅಷ್ಟು ಹಳೆಯದು.

ಇನ್ನು 52 ವಾರದ ವಿಷಯ. 52ನ್ನು 7ರಿಂದ ಗುಣಿಸಿದರೆ 364 ಆಗುತ್ತದೆ, ವರ್ಷಕ್ಕಿರುವುದು 365 ದಿನ, ಅಧಿಕ ವರ್ಷವಾದರೆ 366. ಉಳಿದ ಆ ಒಂದೆರಡು ದಿನ ಎಲ್ಲಿ ಹೋಯಿತು? ಅಣ್ಣನ 300 ರೂಪಾಯಿ ಬಂದದ್ದು ವರ್ಷಕ್ಕೆ 2,080 ಗಂಟೆ ಎಂಬ ಲೆಕ್ಕದಿಂದ, 52 ವಾರಕ್ಕೆ 40 ಗಂಟೆಯಂತೆ. ನಿಜವಾದ ವರ್ಷದಲ್ಲಿ ಕೆಲಸದ ದಿನಗಳು ಕೆಲವೊಮ್ಮೆ 260, ಕೆಲವೊಮ್ಮೆ 261 ಅಥವಾ 262 ಬರುತ್ತವೆ. ಜನವರಿ ಒಂದು ಯಾವ ವಾರ ಬಿತ್ತು, ಫೆಬ್ರವರಿಗೆ 29 ಇದೆಯೇ ಎಂಬುದರ ಮೇಲೆ ಅದು ನಿಂತಿದೆ.

ಅಮೆರಿಕದ ಕೇಂದ್ರ ಸರ್ಕಾರ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಅಲ್ಲಿ ಮೊದಲು ಸರ್ಕಾರಿ ನೌಕರರ ವಾರ್ಷಿಕ ಸಂಬಳವನ್ನು 2,080ರಿಂದ ಭಾಗಿಸಿ ಗಂಟೆಯ ದರ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಅದನ್ನು 2,087ಕ್ಕೆ ಬದಲಿಸಿದರು. ಹಿಂದಿರುವ ತರ್ಕ ಕ್ಯಾಲೆಂಡರಿನದು. ತಾರೀಖು ಮತ್ತು ವಾರದ ಜೋಡಿ 28 ವರ್ಷಕ್ಕೊಮ್ಮೆ ಮೊದಲಿನಿಂದ ಮರುಕಳಿಸುತ್ತದೆ. 28 ವರ್ಷದಲ್ಲಿ ಏಳು ಅಧಿಕ ವರ್ಷ, ಒಟ್ಟು 10,227 ದಿನ. ಅದನ್ನು ಏಳರಿಂದ ಭಾಗಿಸಿ ನೋಡಿ: ಶೇಷವೇ ಇಲ್ಲದೆ 1,461 ವಾರ. ಪ್ರತಿ ವಾರಕ್ಕೆ 40 ಗಂಟೆಯಂತೆ ಗುಣಿಸಿ 28 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸರಾಸರಿ 2,087.14 ಗಂಟೆ. 1900, 2100ರಂಥ ಶತಮಾನದ ವರ್ಷಗಳಲ್ಲಿ ಫೆಬ್ರವರಿ 29 ಇಲ್ಲದ ಕಾರಣ ಈ ಚಕ್ರ ಅಲ್ಲಲ್ಲಿ ಮುರಿಯುತ್ತದೆ, ನಿಜ. ಅದನ್ನೂ ಸೇರಿಸಿ 400 ವರ್ಷದ ಪೂರ್ತಿ ಚಕ್ರ ಹಿಡಿದರೆ 20,871 ವಾರ ಬರುತ್ತದೆ, ಅಲ್ಲಿಯೂ ಶೇಷ ಸೊನ್ನೆ. ಸರಾಸರಿ 2,087.1. ಲೆಕ್ಕ ಇಷ್ಟು ಚೊಕ್ಕಟವಾಗಿ ಕೂರುವುದು ಅಪರೂಪ.

ಈ ಹೊಸ ಭಾಜಕ ಅಣ್ಣನಿಗೆ ಏನು ಮಾಡುತ್ತದೆ? 300 ರೂಪಾಯಿ 299ಕ್ಕೆ ಇಳಿಯುತ್ತದೆ. 48 ಗಂಟೆಗೆ ಇದೇ ಸರಾಸರಿ 2,504.5 ಗಂಟೆ ಆಗುತ್ತದೆ, ತಮ್ಮನ 250 ರೂಪಾಯಿ 249 ಚಿಲ್ಲರೆ ಆಗುತ್ತದೆ. ಒಬ್ಬರ ಜೇಬಿಗೆ ಇದು ಗಣನೆಗೆ ಬಾರದ ಮೊತ್ತ. ಲಕ್ಷಗಟ್ಟಲೆ ನೌಕರರಿಗೆ ಸಂಬಳ ಕೊಡುವವರಿಗೆ ಮಾತ್ರ ಕಣ್ಣಿಗೆ ಕಾಣುತ್ತದೆ. ಮನೆಯ ಲೆಕ್ಕಕ್ಕೆ 52 ಧಾರಾಳ ಸಾಕು ಎಂದೇ ನನ್ನ ಅಭಿಪ್ರಾಯ. ನಿಜವಾದ ಹಾನಿ ಮಾಡುವುದು ತಿಂಗಳಿಗೆ ನಾಲ್ಕು ವಾರ ಎಂದು ಹಿಡಿಯುವ ಅಭ್ಯಾಸ. 52,000ವನ್ನು ನಾಲ್ಕರಿಂದ ಭಾಗಿಸಿದರೆ ವಾರಕ್ಕೆ 13,000, ಅಣ್ಣನ ಗಂಟೆಗೆ 325 ಎಂದು ಬರುತ್ತದೆ. ವರ್ಷಕ್ಕೆ 48 ವಾರ ಎಂದು ಒಪ್ಪಿಕೊಂಡಂತೆ, ನಾಲ್ಕು ವಾರ ಪುಕ್ಕಟೆ.

ತಮ್ಮನ ದಿನದ ದರ 2,000ವನ್ನು ಇನ್ನೊಂದು ದಾರಿಯಿಂದಲೂ ಪಡೆಯಬಹುದು: ತಿಂಗಳ 52,000ವನ್ನು 26ರಿಂದ ಭಾಗಿಸಿ. ವರ್ಷಕ್ಕೆ 312 ಕೆಲಸದ ದಿನ, ತಿಂಗಳಿಗೆ 26. ಭಾನುವಾರ ಬಿಟ್ಟರೆ ತಿಂಗಳಲ್ಲಿ ಉಳಿಯುವ ದಿನಗಳಿವು. ಹೆಚ್ಚು ಜನ ಬಳಸುವ 30ರ ಭಾಜಕ ಹಿಡಿದರೆ ದಿನಕ್ಕೆ 1,733 ರೂಪಾಯಿ ಮಾತ್ರ. ಯಾವುದು ಸರಿ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಗ್ರ್ಯಾಚುಟಿ ಕಾಯ್ದೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಕೊಡಬೇಕು ಎನ್ನುತ್ತಿತ್ತು. ತಿಂಗಳ ಸಂಬಳದವನ 15 ದಿನ ಎಂದರೆ ಅರ್ಧ ತಿಂಗಳೋ, ಕೆಲಸದ 15 ದಿನವೋ? ದಿಗ್ವಿಜಯ್ ವೂಲನ್ ಮಿಲ್ಸ್ ಪ್ರಕರಣದಲ್ಲಿ 1980ರಲ್ಲಿ ನ್ಯಾಯಾಲಯ 26ರಿಂದ ಭಾಗಿಸುವುದೇ ಸರಿ ಎಂದಿತು. ಆಮೇಲೆ ಕಾಯ್ದೆಗೂ ಆ ಮಾತನ್ನು ಸೇರಿಸಿದರು.

ಆ 26ರ ನೆರಳು ಇಂದಿನ ಆಫರ್ ಲೆಟರ್‌ಗಳಲ್ಲೂ ಬಿದ್ದಿದೆ. ಸಿಟಿಸಿ ಪಟ್ಟಿಯ ಕೆಳಗೆ ‘ಗ್ರ್ಯಾಚುಟಿ: ಬೇಸಿಕ್‌ನ ಶೇಕಡಾ 4.81’ ಎಂಬ ಸಾಲು ನೋಡಿರುತ್ತೀರಿ. 15ನ್ನು 26ರಿಂದ ಭಾಗಿಸಿ, ಮತ್ತೆ 12 ತಿಂಗಳಿಗೆ ಹಂಚಿದರೆ ಬರುವುದೇ ಈ ವಿಚಿತ್ರ ಅಂಕಿ. ಈ ಸಾಲು ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಣ್ಣನ 6,24,000 ಸಿಟಿಸಿಯೇ ಆಗಿದ್ದು, ಅದರ ಅರ್ಧ ಬೇಸಿಕ್ ಎಂದುಕೊಳ್ಳೋಣ. ಆಗ ಕಂಪನಿಯ ಪಾಲಿನ ಪಿಎಫ್ ಶೇಕಡಾ 12ರಂತೆ 37,440, ಗ್ರ್ಯಾಚುಟಿ 15,000. ಇವೆರಡನ್ನು ಕಳೆದರೆ ತಿಂಗಳ ಸಂಬಳವಾಗಿ ಹಂಚಲು ಉಳಿಯುವುದು 5,71,560. ಗಂಟೆಗೆ 300 ಅಲ್ಲ, ಸುಮಾರು 275. ತಮ್ಮನದೂ ಹೀಗೇ ಇದ್ದರೆ 229. ಇನ್ನೂ ತೆರಿಗೆಗೆ ಕೈ ಹಾಕಿಲ್ಲ. ಹಾಗಾಗಿ ಭಾಗಿಸುವ ಮೊದಲು ಮೇಲೆ ಯಾವ ಮೊತ್ತ ಬರೆಯುತ್ತಿದ್ದೇವೆ ಎಂದು ನೋಡಿಕೊಳ್ಳಬೇಕು. ಎರಡು ಕೆಲಸ ಹೋಲಿಸುವಾಗ ಒಂದರ ಸಿಟಿಸಿ, ಇನ್ನೊಂದರ ಕೈಗೆ ಬರುವ ಸಂಬಳ ಇಟ್ಟುಕೊಂಡರೆ ಕೆಳಗಿನ ಭಾಜಕ ಎಷ್ಟೇ ಸರಿಯಿದ್ದರೂ ಉತ್ತರ ತಪ್ಪು.

ರಜೆಯನ್ನೂ ಕಳೆಯಬೇಕಲ್ಲ ಎಂದು ಕೆಲವರು ಕೇಳುತ್ತಾರೆ. ಅದು ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. ಸಂಬಳಸಹಿತ ರಜೆ, ಹಬ್ಬದ ರಜೆ ಎಲ್ಲ ಸೇರಿ ಇಬ್ಬರಿಗೂ ವರ್ಷಕ್ಕೆ 30 ದಿನ ಸಿಕ್ಕರೆ ಅಣ್ಣ ನಿಜಕ್ಕೂ ದುಡಿಯುವುದು 1,840 ಗಂಟೆ, ತಮ್ಮ 2,256. ದುಡಿದ ಗಂಟೆಗೆ ಅಣ್ಣನಿಗೆ 339, ತಮ್ಮನಿಗೆ 277 ರೂಪಾಯಿ. ನೌಕರಿ ಬಿಟ್ಟು ಸ್ವಂತ ಕನ್ಸಲ್ಟಿಂಗ್ ಶುರು ಮಾಡುವವರು ಗಿರಾಕಿಗೆ ದರ ಹೇಳುವಾಗ ಈ ದೊಡ್ಡ ಅಂಕಿಯಿಂದಲೇ ಶುರು ಮಾಡಬೇಕು, ಅವರಿಗೆ ರಜೆಯ ದಿನ ಯಾರೂ ಸಂಬಳ ಕೊಡುವುದಿಲ್ಲ. ಓಟಿಗೆ ಮಾತ್ರ ಈ ಅಂಕಿ ಬಳಸುವಂತಿಲ್ಲ, ಅಲ್ಲಿ ರಜೆ ಕಳೆಯದ ದರವೇ ನಡೆಯುತ್ತದೆ.

ತಮ್ಮನ ಕಾರ್ಖಾನೆಯಲ್ಲಿ ಓಟಿ ಇದೆ. ವಾಡಿಕೆಯ ನಿಯಮ ಸಾಮಾನ್ಯ ದರದ ಎರಡರಷ್ಟು. 250ರ ಎರಡರಷ್ಟು 500. ಹತ್ತು ಗಂಟೆ ಓಟಿ ಮಾಡಿದ ತಿಂಗಳು ಅವನ ಪೇಸ್ಲಿಪ್‌ನಲ್ಲಿ 5,000 ಇರಬೇಕು. ಅಲ್ಲಿ 4,333 ಇದ್ದರೆ ಏನಾಗಿದೆ ಎಂದು ಯಾರನ್ನೂ ಕೇಳದೆ ಕಂಡುಹಿಡಿಯಬಹುದು. ಹತ್ತು ಗಂಟೆಗೆ 4,333 ಎಂದರೆ ಗಂಟೆಗೆ 433.30, ಅದರ ಅರ್ಧ 216.65. ತಿಂಗಳ 52,000ವನ್ನು ಇದರಿಂದ ಭಾಗಿಸಿದರೆ 240 ಬರುತ್ತದೆ. 30 ದಿನ, ದಿನಕ್ಕೆ ಎಂಟು ಗಂಟೆ. ಭಾನುವಾರವೂ ಅವನು ದುಡಿದಿದ್ದಾನೆ ಎಂದು ಹಿಡಿದ ಲೆಕ್ಕವದು. 48 ಗಂಟೆಯ ವಾರಕ್ಕೆ ಬರಬೇಕಾದದ್ದು 208, ಅಂದರೆ 26 ದಿನಕ್ಕೆ ಎಂಟು ಗಂಟೆಯಂತೆ.

ಇದರಲ್ಲಿ ಒಂದು ತಮಾಷೆಯೂ ಇದೆ. ಸಂಬಳವಿಲ್ಲದ ರಜೆ ಹಾಕಿದಾಗ ಕತ್ತರಿಸುವ ಹಣಕ್ಕೆ 30ರ ಭಾಜಕವೇ ನೌಕರನಿಗೆ ಲಾಭ: ದಿನಕ್ಕೆ 2,000ದ ಬದಲು 1,733 ಮಾತ್ರ ಹೋಗುತ್ತದೆ. ಓಟಿಗೆ ಅದೇ 30 ನಷ್ಟ. ಹಾಗಾಗಿ ತಮ್ಮ ಎರಡು ಪೇಸ್ಲಿಪ್ ಪಕ್ಕಪಕ್ಕ ಇಟ್ಟುಕೊಳ್ಳಬೇಕು, ಓಟಿ ಮಾಡಿದ ತಿಂಗಳಿನದೊಂದು, ರಜೆ ಕತ್ತರಿಸಿದ ತಿಂಗಳಿನದೊಂದು. ಕೊಡುವಾಗ 30, ಕತ್ತರಿಸುವಾಗ 26 ಎಂದು ಕಂಡರೆ ಅಕೌಂಟ್ಸ್ ವಿಭಾಗದ ಬಾಗಿಲು ತಟ್ಟಲು ಅವನ ಕೈಯಲ್ಲಿ ಕಾಗದವೇ ಇದೆ.