35x ಅಂದ್ರೆ ನಿಜಕ್ಕೂ ಎಷ್ಟು?

ಆನ್‌ಲೈನ್ ಕ್ಯಾಸಿನೊ ಜಾಹೀರಾತಲ್ಲಿ ದೊಡ್ಡ ಅಕ್ಷರದಲ್ಲಿ ಇರೋದು ವೆಲ್‌ಕಮ್ ಬೋನಸ್: ನೀವು 100 ಹಾಕಿ, ನಾವು ಇನ್ನೊಂದು 100 ಕೊಡ್ತೀವಿ ಅಂತ. ಅದರ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ `35x wagering` ಅಂತ ಇರುತ್ತೆ. ನಾವು ಈ ಸಲ ಆ ಸಣ್ಣ ಸಾಲನ್ನಷ್ಟೇ ಬಿಡಿಸಿ ನೋಡೋಣ.

ಲೆಕ್ಕವನ್ನು ಬ್ರಿಟನ್ನಿನ ಪೌಂಡ್‌ನಲ್ಲೇ ಮಾಡ್ತೀವಿ. ಅಲ್ಲಿ ಇದು ಲೈಸೆನ್ಸ್ ಇರೋ ವ್ಯವಹಾರ. ನಮ್ಮಲ್ಲಿ 2025ರಲ್ಲಿ ಸಂಸತ್ತು ಪಾಸ್ ಮಾಡಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಡೆಸುವುದನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುತ್ತದೆ.

100 ಪೌಂಡ್ ಕಟ್ಟಿದ್ವಿ, 100 ಪೌಂಡ್ ಬೋನಸ್ ಬಂತು ಅಂದ್ಕೊಳ್ಳೋಣ. ಅಕೌಂಟಲ್ಲಿ 200 ಕಾಣಿಸುತ್ತೆ. ಆದರೆ ಬೋನಸ್ಸನ್ನೂ ಅದರಿಂದ ಗೆದ್ದಿದ್ದನ್ನೂ ಹೊರಗೆ ತೆಗೆಯಬೇಕಾದರೆ ಬೋನಸ್ ಮೊತ್ತದ 35 ಪಟ್ಟು ಪಣ ಕಟ್ಟಿರಬೇಕು. 100 ಗುಣಿಸು 35, ಅಂದರೆ 3,500 ಪೌಂಡ್.

ಇಲ್ಲಿ ಒಂದು ಗೊಂದಲ ಆಗುತ್ತೆ. ಇರೋದೇ 200, 3,500 ಎಲ್ಲಿಂದ ತರೋದು? ತರಬೇಕಾಗಿಲ್ಲ, ಅದೇ ದುಡ್ಡು ಸುತ್ತುತ್ತಾ ಇರುತ್ತೆ. 1 ಪೌಂಡ್ ಪಣ ಕಟ್ಟಿ 1 ಪೌಂಡೇ ವಾಪಸ್ ಬಂದರೂ ಲೆಕ್ಕಕ್ಕೆ 1 ಸೇರಿತು. ಸ್ಲಾಟ್ ಆಟದಲ್ಲಿ ಒಂದೊಂದು ಪೌಂಡ್ ಕಟ್ಟುತ್ತಾ ಹೋದರೆ 3,500 ಸಲ ಬಟನ್ ಒತ್ತಬೇಕು. ಬ್ರಿಟನ್ನಿನ ನಿಯಮದ ಪ್ರಕಾರ ಒಂದು ಸ್ಪಿನ್ನಿಗೆ ಕನಿಷ್ಠ 2.5 ಸೆಕೆಂಡ್ ಬೇಕು, ಹಾಗಾಗಿ ಎಲ್ಲೂ ನಿಲ್ಲಿಸದೆ ಒತ್ತಿದರೂ ಸುಮಾರು ಎರಡೂವರೆ ಗಂಟೆ. ಲ್ಯಾಬ್ ರೆಕಾರ್ಡ್ ಬರೆಯೋದೇ ವಾಸಿ.

ಆದರೆ ನಿಜವಾದ ಖರ್ಚು ಟೈಮಲ್ಲ. ಸ್ಲಾಟಿನ ಮಾಹಿತಿ ಪುಟದಲ್ಲಿ `RTP 96%` ಅಂತಿದ್ದರೆ, ಕಟ್ಟಿದ ಪ್ರತಿ 100ಕ್ಕೆ ಸರಾಸರಿ 96 ವಾಪಸ್ ಬರುತ್ತೆ, 4 ಕ್ಯಾಸಿನೊಗೆ ಉಳಿಯುತ್ತೆ ಅಂತ ಅರ್ಥ. ಈ 4% ಕಟ್ ಆಗೋದು ನಾವು ಹಾಕಿದ 100ರ ಮೇಲಲ್ಲ, ಪ್ರತಿ ಪಣದ ಮೇಲೆ. 3,500 ಪೂರ್ತಿ ಆಡಿದರೆ:

```
3500 × 0.04 = 140
```

ಅಂದರೆ 100 ಪೌಂಡಿನ ಗಿಫ್ಟ್ ಬಿಡಿಸಿಕೊಳ್ಳೋಕೆ ಸರಾಸರಿ 140 ಪೌಂಡ್ ಬಾಡಿಗೆ. ಪಟ್ಟು ಮತ್ತು 4%, ಇವೆರಡರ ಗುಣಲಬ್ಧ 1 ದಾಟಿದರೆ ಬೋನಸ್ ನಷ್ಟದ ಬಾಬ್ತು. 4%ಗೆ ಆ ಗಡಿ 25 ಪಟ್ಟು.

ಇನ್ನು ಕೆಲವು ಕಡೆ 35 ಪಟ್ಟು ಬೋನಸ್ಸಿಗಲ್ಲ, ಡೆಪಾಸಿಟ್ ಮತ್ತು ಬೋನಸ್ ಎರಡೂ ಸೇರಿದ ಮೊತ್ತಕ್ಕೆ. ಆಗ 200 ಗುಣಿಸು 35, ಅಂದರೆ 7,000. ಸರಾಸರಿ ನಷ್ಟ 280. ಕೈಯಲ್ಲಿರೋದೇ 200 ಅಲ್ವಾ? ಜಾಹೀರಾತಲ್ಲಿ ಎರಡೂ ಒಂದೇ ಥರ `35x` ಅಂತಲೇ ಕಾಣುತ್ತೆ, ವ್ಯತ್ಯಾಸ ಗೊತ್ತಾಗೋದು ಟರ್ಮ್ಸ್ ಪುಟ ತೆರೆದಾಗ ಮಾತ್ರ.

ಜಾಣರು ಹೇಳಬಹುದು, ರೂಲೆಟ್ ಆಡಿದರಾಯ್ತು, ಒಂದೇ ಸೊನ್ನೆ ಇರುವ ಚಕ್ರದಲ್ಲಿ ಕ್ಯಾಸಿನೊ ಪಾಲು 37ರಲ್ಲಿ 1, ಅಂದರೆ 2.7% ಮಾತ್ರ ಅಂತ. ಅದನ್ನು ಅವರೂ ಯೋಚಿಸಿರ್ತಾರೆ. ರೂಲೆಟ್ ಪಣದಲ್ಲಿ 10% ಮಾತ್ರ ಲೆಕ್ಕಕ್ಕೆ ಹಿಡೀತೀವಿ ಅಂತ ಒಂದು ಷರತ್ತು ಇದ್ದರೆ 3,500 ಮುಟ್ಟೋಕೆ 35,000 ಪೌಂಡ್ ಪಣ ಕಟ್ಟಬೇಕು. ಅದರ 2.7% ಅಂದರೆ 945 ಪೌಂಡ್.

ಇದೆಲ್ಲ ಸರಾಸರಿ ಅನ್ನೋದು ನೆನಪಿರಲಿ. ನಿಜದಲ್ಲಿ ಯಾರೂ ಸರಿಯಾಗಿ 140 ಕಳ್ಕೊಳ್ಳಲ್ಲ. ಸ್ಲಾಟಿನ ಏರಿಳಿತ ಜಾಸ್ತಿ, ಹಾಗಾಗಿ ಬಹಳ ಜನ 3,500 ಮುಟ್ಟುವ ಮೊದಲೇ ಸೊನ್ನೆಗೆ ಬಂದು ನಿಲ್ತಾರೆ, ಕೆಲವರಿಗೆ ಮಾತ್ರ ದೊಡ್ಡದು ಬಿದ್ದು ಕೊನೇ ತನಕ ಹೋಗ್ತಾರೆ. ಗೆಲುವಿಗೆ ಗರಿಷ್ಠ ಮಿತಿ ಇಟ್ಟಿದ್ದರೆ ಆ ಕೆಲವರ ದೊಡ್ಡದನ್ನೂ ಕತ್ತರಿಸಿ ಕೊಡ್ತಾರೆ. ಮಧ್ಯದಲ್ಲಿ ದುಡ್ಡು ತೆಗೆಯೋಕೆ ಹೋದರೆ ಸಾಮಾನ್ಯವಾಗಿ ಬೋನಸ್ ರದ್ದು.

ಬ್ರಿಟನ್ನಿನ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿ 19ರಿಂದ ಈ ಪಟ್ಟಿಗೆ 10ರ ಮಿತಿ ಹಾಕಿದೆ. ನಮ್ಮ ಉದಾಹರಣೆಯಲ್ಲಿ ಅದು 1,000 ಪೌಂಡ್ ಪಣ, ಸರಾಸರಿ ನಷ್ಟ 40. ಈಗ 100ರ ಬೋನಸ್ಸಿನಲ್ಲಿ 60 ಉಳಿಯುತ್ತೆ ಅಂತಾಯ್ತು, ಗಿಫ್ಟ್ ಅನ್ನೋ ಮಾತಿಗೆ ಸ್ವಲ್ಪ ಅರ್ಥ ಬಂತು. ಆದರೆ ಆ ಮಿತಿ ಕಮಿಷನ್ನಿನ ಲೈಸೆನ್ಸ್ ಇರುವವರಿಗೆ ಮಾತ್ರ. ನಮ್ಮ ಟೆಲಿಗ್ರಾಂ ಗ್ರೂಪುಗಳಿಗೆ ಬಂದು ಬೀಳೋ ವಿದೇಶಿ ಸೈಟುಗಳ ಲಿಂಕಿನಲ್ಲಿ 35 ಇದ್ದರೂ 60 ಇದ್ದರೂ ಕೇಳೋಕೆ ಅಲ್ಲಿ ಯಾರೂ ಇಲ್ಲ.