ಎರೆಮಣ್ಣಿನ ಮೇಲೆ ಯಾವ ಅಡಿಪಾಯ?

ವಿಜಯಪುರ, ಧಾರವಾಡ ಸೀಮೆಯ ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಇದರ ಕಾಟ ಹಗುರವಾದ ಒಂದಂತಸ್ತಿನ ಮನೆಗಳಿಗೇ ಹೆಚ್ಚು; ಉಬ್ಬುವ ಮಣ್ಣನ್ನು ಅದುಮಿಡುವಷ್ಟು ಭಾರ ಅವುಗಳಿಗಿಲ್ಲ. ಗೋಡೆಯ ಬಿರುಕು ಋತುವಿಗೆ ತಕ್ಕಂತೆ ತೆರೆದು ಮುಚ್ಚುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಎರೆಯ ಪದರ ತೆಳುವಾಗಿದ್ದು ಕೆಳಗೆ ಗಟ್ಟಿ ಮೊರಂ ಇದ್ದರೆ, ಅಲ್ಲಿಯವರೆಗೆ ಅಗೆದು ಕಂಬಕ್ಕೊಂದು ಬಿಡಿ ಫೂಟಿಂಗ್ ಹಾಕುವುದೇ ಸರಳ. ಪದರ ಆಳವಾಗಿದ್ದರೆ ಲೆಕ್ಕ ಬದಲಾಗುತ್ತದೆ. ಕಂಬದ ಭಾರ 40 ಟನ್, ಮಣ್ಣಿನ ಸುರಕ್ಷಿತ ಧಾರಣಶಕ್ತಿ ಚದರ ಮೀಟರಿಗೆ 10 ಟನ್ ಎಂದಾದರೆ 2 ಮೀಟರ್ ಚೌಕದ ಫೂಟಿಂಗ್ ಸಾಕು. ಧಾರಣಶಕ್ತಿ 5 ಟನ್ನಿಗೆ ಇಳಿದರೆ 8 ಚದರ ಮೀಟರ್ ಬೇಕು. ಕಂಬಗಳ ನಡುವೆ 3.5 ಮೀಟರ್ ಅಂತರವಿದ್ದರೆ ನೆಲದ ಮೂರರಲ್ಲಿ ಎರಡು ಪಾಲು ಫೂಟಿಂಗುಗಳೇ ನುಂಗುತ್ತವೆ. ಅರ್ಧ ದಾಟಿದಾಗ ಇಡೀ ಕಟ್ಟಡಕ್ಕೆ ಒಂದೇ ರಾಫ್ಟ್ ಹಾಕುವುದು ಸಾಮಾನ್ಯವಾಗಿ ಲೇಸು. ಆದರೆ ರಾಫ್ಟ್ ಉಬ್ಬನ್ನು ತಡೆಯುವುದಿಲ್ಲ. ಬಾಗದಷ್ಟು ಬಿಗಿಯಾಗಿದ್ದರೆ ಮಾತ್ರ ಕಟ್ಟಡ ಒಟ್ಟಾಗಿ ಚಲಿಸುತ್ತದೆ.

ಮಣ್ಣಿನ ವರದಿಯಲ್ಲಿ ಧಾರಣಶಕ್ತಿಯ ಒಂದೇ ಅಂಕಿ ನೋಡಿ ವಾಸ್ತುಶಿಲ್ಪಿಗಳು ತೃಪ್ತರಾಗಬಾರದು. ಆ ಅಂಕಿ ಯಾವ ಆಳಕ್ಕೆ, ಎಷ್ಟು ಅಗಲದ ಫೂಟಿಂಗಿಗೆ, ಎಷ್ಟು ಮಿಲಿಮೀಟರ್ ಕುಸಿತ ಒಪ್ಪಿ ಕೊಟ್ಟದ್ದೆಂದು ಕೇಳಬೇಕು. ಉಬ್ಬುವ ಒತ್ತಡ ಎಷ್ಟು, ತೇವ ಏರಿಳಿಯುವ ಪದರ ಎಷ್ಟು ಆಳ ಎಂಬುದೂ ಬೇಕು. ಬೋರ್ ತೆಗೆದ ತಿಂಗಳನ್ನು ತಪ್ಪದೆ ನೋಡಬೇಕು: ಏಪ್ರಿಲ್‌ನಲ್ಲಿ ಒಣಗಿ ಗಟ್ಟಿಯಾದ ಎರೆಮಣ್ಣು ತೋರುವ ಬಲ ಸೆಪ್ಟೆಂಬರ್‌ನಲ್ಲಿ ಉಳಿದಿರುವುದಿಲ್ಲ.