ಎದೆಯೊಳಗಿನ ಕಲ್ನಾರು

ದಕ್ಷಿಣ ಆಫ್ರಿಕಾದ ಕಿಂಬರ್ಲಿ ವಜ್ರಕ್ಕೆ ಹೆಸರಾದ ಊರು. 1950ರ ದಶಕದಲ್ಲಿ ಅಲ್ಲಿನ ಕ್ಷಯ ಆಸ್ಪತ್ರೆಯನ್ನು ನೋಡಿಕೊಳ್ಳುತ್ತಿದ್ದವರು ಡಾ. ಸ್ಲೆಗ್ಸ್. ಕ್ಷಯಕ್ಕೆ ಆಗಷ್ಟೇ ಒಳ್ಳೆಯ ಔಷಧಿಗಳು ಬಂದಿದ್ದವು. ಊರಿನ ಪೂರ್ವದ ಕಡೆಯಿಂದ ಬಂದ ರೋಗಿಗಳು ಆ ಔಷಧಿ ತಗೊಂಡು ಚೇತರಿಸಿಕೊಳ್ಳುತ್ತಿದ್ದರು. ಪಶ್ಚಿಮದಿಂದ ಬಂದವರಲ್ಲಿ ಕೆಲವರಿಗೆ ಮಾತ್ರ ಏನು ಕೊಟ್ಟರೂ ನಾಟುತ್ತಿರಲಿಲ್ಲ. ಅವರ ಎದೆಯಲ್ಲಿ ನೀರು ತುಂಬುತ್ತಿತ್ತು, ಶ್ವಾಸಕೋಶದ ಸುತ್ತಲಿನ ಪೊರೆ ದಪ್ಪವಾಗುತ್ತಿತ್ತು, ಕೊನೆಗೆ ತೀರಿಕೊಳ್ಳುತ್ತಿದ್ದರು. ಒಂದೇ ರೋಗ, ಒಂದೇ ಔಷಧಿ. ದಿಕ್ಕು ಬದಲಾದರೆ ಫಲವೇಕೆ ಬದಲಾಗಬೇಕು?

ಉತ್ತರ ಸಿಕ್ಕಿದ್ದು ಜೊಹಾನ್ಸ್‌ಬರ್ಗ್‌ನಲ್ಲಿ. 1956ರಲ್ಲಿ ಅಲ್ಲಿನ ರೋಗಶಾಸ್ತ್ರಜ್ಞ ಕ್ರಿಸ್ ವ್ಯಾಗ್ನರ್ ಒಂದು ಶವಪರೀಕ್ಷೆ ಮಾಡಿದರು. ಕ್ಷಯದಿಂದ ಎದೆಯಲ್ಲಿ ನೀರು ತುಂಬಿದೆ ಎಂದುಕೊಂಡಿದ್ದ ರೋಗಿ ಅವನು. ಎದೆಗೂಡು ತೆರೆದರೆ ಒಳಗಿದ್ದದ್ದು ಲೋಳೆಯಂಥ ದೊಡ್ಡ ಗೆಡ್ಡೆ. ಶ್ವಾಸಕೋಶದಲ್ಲಿ ಆಸ್ಬೆಸ್ಟಾಸ್ ಹೊಕ್ಕ ಗುರುತುಗಳಿದ್ದವು. ವೈದ್ಯರು ಆಗ ಅಪರೂಪಕ್ಕೂ ಕಾಣದಿದ್ದ ಮೀಸೋಥೀಲಿಯೋಮಾ ಅದು, ಅಂದರೆ ಪೊರೆಯದೇ ಕ್ಯಾನ್ಸರ್. ಸ್ಲೆಗ್ಸ್ ಅವರ ಪಶ್ಚಿಮದ ರೋಗಿಗಳ ಒಗಟು ಅಲ್ಲಿಗೆ ಬಿಡಿಸಿಕೊಳ್ಳತೊಡಗಿತು. ಕಿಂಬರ್ಲಿಯ ಪಶ್ಚಿಮಕ್ಕಿದ್ದ ಬೆಟ್ಟಸಾಲಿನ ಹೆಸರೇ ಆಸ್ಬೆಸ್ಟಾಸ್ ಹಿಲ್ಸ್. ನೀಲಿ ಆಸ್ಬೆಸ್ಟಾಸ್ ಅಗೆಯುತ್ತಿದ್ದ ಜಾಗ.

ವ್ಯಾಗ್ನರ್, ಸ್ಲೆಗ್ಸ್ ಮತ್ತು ಎದೆಯ ಶಸ್ತ್ರಚಿಕಿತ್ಸಕ ಮಾರ್ಚಂಡ್ 1960ರಲ್ಲಿ ಪ್ರಕಟಿಸಿದ ಲೇಖನದಲ್ಲಿ 33 ರೋಗಿಗಳಿದ್ದಾರೆ. ಒಬ್ಬರನ್ನು ಬಿಟ್ಟು ಉಳಿದೆಲ್ಲರಿಗೂ ನೀಲಿ ಆಸ್ಬೆಸ್ಟಾಸಿನ ನಂಟಿತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಈ ಅಂಕಿಗಿಂತ ಆ ನಂಟಿನ ರೀತಿ. 33ರಲ್ಲಿ 11 ಮಂದಿ ಹೆಂಗಸರು. ಎಷ್ಟೋ ಜನ ಗಣಿಯಲ್ಲಿ ಕೂಲಿ ಮಾಡಿದವರೇ ಅಲ್ಲ. ಅಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಬೇರೆ ಊರಿಗೆ ಹೋದವರು. ಆ ಸೀಮೆಯಲ್ಲಿ ಹೆಂಗಸರು ಕೂತು ಸುತ್ತಿಗೆಯಿಂದ ಅದಿರು ಕುಟ್ಟಿ ನಾರು ಬಿಡಿಸುತ್ತಿದ್ದರು, ಕೂಸುಗಳು ಪಕ್ಕದಲ್ಲೇ ಇರುತ್ತಿದ್ದವು. ಗಣಿಯ ತ್ಯಾಜ್ಯ ಸುರಿದ ದಿಬ್ಬಗಳೇ ಮಕ್ಕಳಿಗೆ ಜಾರುಬಂಡೆ. ಹಾಗೆ ಜಾರಿ ಆಡಿದ ಮಗು ನಡುವಯಸ್ಸಿಗೆ ಬಂದು ಆಸ್ಪತ್ರೆ ಸೇರಿದಾಗ ಆ ದಿಬ್ಬದ ನೆನಪನ್ನು ಯಾರು ತಾನೇ ಕೆದಕುತ್ತಾರೆ?

ಆಸ್ಬೆಸ್ಟಾಸಿಗೆ ಕನ್ನಡದಲ್ಲಿ ಕಲ್ನಾರು ಎನ್ನುತ್ತೇವೆ. ಇದಕ್ಕಿಂತ ಸರಿಯಾದ ಹೆಸರು ಸಿಗಲಾರದು. ಕಲ್ಲೇ, ಆದರೆ ಪುಡಿಯಾಗುವ ಬದಲು ನಾರುನಾರಾಗಿ ಸೀಳುತ್ತದೆ. ಸೀಳಿದ್ದು ಮತ್ತೆ ಉದ್ದುದ್ದಕ್ಕೆ ಸೀಳುತ್ತದೆ. ನೀಲಿ ಬಗೆಯ ಎಳೆ ತಲೆಗೂದಲಿಗಿಂತ ನೂರಾರು ಪಟ್ಟು ಸಪೂರ. ಮೂಗಿನ ಕೂದಲು, ಗಂಟಲ ಕಫ ಯಾವುದಕ್ಕೂ ಸಿಗದೆ ಅದು ಶ್ವಾಸಕೋಶದ ತುದಿಯವರೆಗೆ ಹೋಗುತ್ತದೆ. ಅಲ್ಲಿ ಕಸ ನುಂಗಿ ತೆಗೆಯುವುದಕ್ಕೆಂದೇ ಮ್ಯಾಕ್ರೊಫೇಜ್ ಎಂಬ ಜೀವಕೋಶಗಳಿವೆ. ಮಾಮೂಲಿ ಧೂಳನ್ನು ಅವು ನುಂಗಿ ಸಾಗಹಾಕುತ್ತವೆ. ಆದರೆ ಅವುಗಳ ಅಗಲ ಹೆಚ್ಚೆಂದರೆ 20 ಮೈಕ್ರಾನ್ ಆಸುಪಾಸು. ಅದಕ್ಕಿಂತ ಉದ್ದದ ನಾರನ್ನು ನುಂಗಲು ಹೋದ ಕೋಶದ ಪಾಡು, ಕೇರೆಯನ್ನು ಕಚ್ಚಿಕೊಂಡ ಕಪ್ಪೆಯ ಪಾಡು. ನುಂಗಲಾರದು, ಉಗುಳಲಾರದು. ಜೀರ್ಣಿಸಲೆಂದು ಇಟ್ಟುಕೊಂಡ ಕಟು ರಾಸಾಯನಿಕಗಳನ್ನೆಲ್ಲ ಸುತ್ತ ಚೆಲ್ಲಿ ಸಾಯುತ್ತದೆ. ನಾರು ಅಲ್ಲೇ ಉಳಿಯುತ್ತದೆ. ಅದನ್ನು ನುಂಗಲು ಇನ್ನೊಂದು ಕೋಶ ಬರುತ್ತದೆ.

ಕೆಲವು ನಾರುಗಳು ಶ್ವಾಸಕೋಶ ದಾಟಿ ಎದೆಗೂಡಿನ ಒಳಗೋಡೆಯ ಪೊರೆಯನ್ನು ಸೇರುತ್ತವೆ. ಈ ಪೊರೆಯೇ ಪ್ಲೂರಾ. ಅಲ್ಲಿನ ದ್ರವ ಬಸಿದುಹೋಗಲು ಕೆಲವೇ ಮೈಕ್ರಾನ್ ಅಗಲದ ಕಿಂಡಿಗಳಿವೆ. ಗಿಡ್ಡ ನಾರು ದ್ರವದ ಜೊತೆ ಸಾಗುತ್ತದೆ, ಉದ್ದದ್ದು ಬಚ್ಚಲ ಜಾಲರಿಗೆ ಅಡ್ಡ ಬಿದ್ದ ಕಡ್ಡಿಯಂತೆ ಕಿಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದರ ಸುತ್ತ ಉರಿಯೂತ, ಉರಿಯೂತದ ಮೇಲೆ ಗಾಯದ ಕಲೆಯಂಥ ಗಟ್ಟಿ ಪದರ. ಪಕ್ಕೆಲುಬಿನ ಒಳಮೈಯಲ್ಲಿ, ವಪೆಯ ಗುಮ್ಮಟದ ಮೇಲೆ ಕಾಣುವ ಈ ಬಿಳಿ ಹಲ್ಲೆಗಳೇ ಪ್ಲೂರಲ್ ಪ್ಲೇಕ್. ಮೂಡಲು 20-30 ವರ್ಷ ಬೇಕು. ಆಮೇಲೆ ಸುಣ್ಣಗಟ್ಟಿದರೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತವೆ. ಸಾಮಾನ್ಯವಾಗಿ ನೋವಿಲ್ಲ, ದಮ್ಮಿಲ್ಲ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆಸಿದಾಗ ಸಿಗುವುದೇ ಹೆಚ್ಚು. ಇದನ್ನು ಕಂಡು ಕ್ಯಾನ್ಸರಿನ ಮೊದಲ ಮೆಟ್ಟಿಲು ಎಂದು ಹೌಹಾರುವವರಿದ್ದಾರೆ, ಅದು ತಪ್ಪು. ಪ್ಲೇಕ್ ಎಂದೂ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಈ ಎದೆಯೊಳಗೆ ಒಮ್ಮೆ ಕಲ್ನಾರು ಹೊಕ್ಕಿದೆ ಎಂಬುದಕ್ಕೆ ಅದೊಂದು ಸಾಕ್ಷಿ, ಅಷ್ಟೇ. ಹಾಗೆ ಹೊಕ್ಕ ನಾರಿನಿಂದ ಮುಂದೆ ಕ್ಯಾನ್ಸರ್ ಬರುವ ಸಾಧ್ಯತೆ ಮಾತ್ರ ಬೇರೆಯೇ ವಿಷಯ, ಅದು ಇದ್ದೇ ಇದೆ.

ಇಷ್ಟು ತಡವೇಕೆ? ರೋಗ 30-40 ವರ್ಷ ಮಲಗಿರುತ್ತದೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಅದು ಸರಿ ಅನ್ನಿಸುವುದಿಲ್ಲ. ಏನೂ ಮಲಗಿರುವುದಿಲ್ಲ. ನಾರಿನ ಸುತ್ತ ಕೋಶಗಳು ಸಾಯುತ್ತಲೇ, ಆ ಜಾಗಕ್ಕೆ ಹೊಸವು ಹುಟ್ಟುತ್ತಲೇ ಇರುತ್ತವೆ. ಪ್ರತಿ ಹುಟ್ಟಿನಲ್ಲೂ ಡಿಎನ್‌ಎ ನಕಲಾಗಬೇಕು. ಉರಿಯೂತದ ನಡುವೆ ನಕಲು ಕೆಡುವುದು ಸುಲಭ. ಕೋಶ ಮಿತಿಮೀರಿ ಬೆಳೆಯದಂತೆ ತಡೆಯುವ ಜೀನುಗಳು ಹಲವಾರು, ಪ್ರತಿಯೊಂದಕ್ಕೂ ಎರಡು ಪ್ರತಿ. ಒಂದೇ ಕೋಶದ ವಂಶದಲ್ಲಿ ಅವು ಒಂದಾದ ಮೇಲೊಂದು ಕೆಟ್ಟರೆ ಮಾತ್ರ ಗೆಡ್ಡೆ. ಒಂದು ಕೆಡುವುದಕ್ಕೇ ವರ್ಷಗಟ್ಟಲೆ ಹಿಡಿಯಬಹುದು. ಅವಸರವೇನೂ ಇಲ್ಲ, ನೀಲಿ ನಾರು ದಶಕಗಟ್ಟಲೆ ಕರಗುವುದಿಲ್ಲ. ಬಿಳಿ ಬಗೆ ಬೇಗ ಒಡೆದು ಕರಗುತ್ತದೆ, ಹಾಗೆಂದು ಅದೂ ನಿರಪಾಯವಲ್ಲ.

ಈ ನಿಧಾನಕ್ಕೊಂದು ಲೆಕ್ಕವಿದೆ. ಮೊದಲ ಬಾರಿ ನಾರು ಒಳಹೊಕ್ಕ ಮೇಲೆ ಕಳೆದ ವರ್ಷಗಳನ್ನು ಮೂರು ಸಲ ತಮ್ಮಲ್ಲೇ ಗುಣಿಸಿಕೊಂಡಂತೆ ಅಪಾಯ ಏರುತ್ತದೆ, ಸುಮಾರಾಗಿ. ಹತ್ತನೇ ವರ್ಷದ ಅಪಾಯವನ್ನು 1 ಎಂದಿಟ್ಟುಕೊಂಡರೆ ಇಪ್ಪತ್ತನೇ ವರ್ಷದಲ್ಲಿ 8, ನಲವತ್ತನೆಯದರಲ್ಲಿ 64. ಐವತ್ತರಲ್ಲಿ ಧೂಳು ಕುಡಿದವನು ಬೇರೆ ಕಾಯಿಲೆಯಿಂದಲೇ ಹೋಗಿಬಿಡಬಹುದು. ಐದರಲ್ಲಿ ಕುಡಿದ ಮಗುವಿಗೆ ಆ ನಲವತ್ತು ವರ್ಷ ಇನ್ನೂ ಮುಂದಿದೆ. ದಿಬ್ಬದ ಮೇಲೆ ಜಾರಿದ ಮಕ್ಕಳು ವ್ಯಾಗ್ನರ್ ಪಟ್ಟಿಗೆ ಬಂದದ್ದು ಹೀಗೆ. ಬ್ರಿಟನ್ನಿನಲ್ಲಿ ನೀಲಿ, ಕಂದು ಬಗೆಗಳಿಗೆ 1985ರಲ್ಲಿ, ಬಿಳಿಗೆ 1999ರಲ್ಲಿ ನಿಷೇಧ ಬಿತ್ತು. ಆಮೇಲೂ ಅಲ್ಲಿ ಸಾವು ಏರುತ್ತಲೇ ಹೋಗಿ ವರ್ಷಕ್ಕೆ ಸುಮಾರು 2,500 ಮುಟ್ಟಿತು.

ಪತ್ತೆಯ ಕಷ್ಟ ಕಿಂಬರ್ಲಿಯದ್ದೇ. ಒಂದು ಬದಿಯಲ್ಲಿ ನೀರು, ಏದುಸಿರು, ಮಂದ ನೋವು, ತೂಕ ಇಳಿತ. ನಮ್ಮ ಕಡೆ ಇಷ್ಟು ಕಂಡರೆ ಮೊದಲು ನೆನಪಾಗುವುದು ಟಿಬಿ, ಹಲವು ಸಲ ಅದೇ ನಿಜವೂ ಹೌದು. ನೀರು ತೆಗೆದು ನೋಡಿದರೂ ಕ್ಯಾನ್ಸರ್ ಕೋಶ ಸಿಗದೇ ಹೋಗಬಹುದು. ನೀರು ಮತ್ತೆ ಮತ್ತೆ ತುಂಬಿದರೆ, ಟಿಬಿ ಮಾತ್ರೆ ಹತ್ತದಿದ್ದರೆ, ಎದೆಯೊಳಗೆ ದುರ್ಬೀನು ಇಳಿಸಿ ಪೊರೆಯ ಚೂರು ತೆಗೆಯಬೇಕು. ಈಗಿನ ಔಷಧಿಗಳು ಕೆಲವು ತಿಂಗಳು ಸೇರಿಸುತ್ತವೆ. ಪತ್ತೆಯಾದ ಮೇಲೆ ಎರಡು ವರ್ಷ ದಾಟುವವರು ಕಡಿಮೆ.

ಭಾರತದಲ್ಲಿ ಬಿಳಿ ಕಲ್ನಾರು ಹೊರದೇಶದಿಂದ ಬಂದು ಸಿಮೆಂಟ್ ಶೀಟಾಗುತ್ತದೆ. ತಲೆಯ ಮೇಲೆ ಸುಮ್ಮನಿರುವ ಗಟ್ಟಿ ಶೀಟಿನಿಂದ ನಾರು ಹೊರಬೀಳುವುದು ತೀರಾ ಕಡಿಮೆ. ಕೊಯ್ಯುವಾಗ, ತೂತು ಕೊರೆಯುವಾಗ, ಒಡೆದದ್ದನ್ನು ಒಣಗಿದಂತೆಯೇ ಗುಡಿಸುವಾಗ ಬರುತ್ತದೆ. ಮುರಿದ ಅಂಚನ್ನು ಬೆಳಕಿಗೆ ಹಿಡಿದರೆ ಸೆಣಬಿನ ಜುಂಗಿನಂತೆ ಎಳೆ ಕಾಣುತ್ತವೆ. ನೀರು ಚಿಮುಕಿಸಿ, ಒದ್ದೆಯಾಗಿಯೇ ಕೆಲಸ ಮಾಡಿದರೆ ಧೂಳು ಬಹಳಷ್ಟು ಅಡಗುತ್ತದೆ.

1995ರಲ್ಲಿ ಸುಪ್ರೀಂ ಕೋರ್ಟ್, ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ನಿವೃತ್ತಿಯ ನಂತರ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟಿರಬೇಕು ಎಂದಿತು. ರೋಗದ ಗಡಿಯಾರ ನೋಡಿಯೇ ಬರೆದ ಆದೇಶ. ನಮ್ಮ ಮನೆ ಹಿಂದಿನ ಕೊಟ್ಟಿಗೆಗೆ ಶೀಟು ಹಾಕಲು ಬಂದಿದ್ದ ಹುಡುಗನಿಗೆ ಇಪ್ಪತ್ತಿರಬೇಕು. ಶೀಟಿನ ಮೇಲೆ ಬಗ್ಗಿ ತೂತು ಕೊರೆದು, ಬಿಳಿ ಪುಡಿಯನ್ನು ಬಾಯಿಂದ ಉಫ್ ಎಂದು ಊದಿ ಹುಕ್ ಹಾಕುತ್ತಿದ್ದ. ಅವನ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ನಾನೂ ಕೇಳಿಕೊಂಡಿರಲಿಲ್ಲ.